ಮಾತಿನ ನಡುವಿನ ‘ಆಂ…’ ಎಲ್ಲಿ ಕತ್ತರಿಸಬೇಕು?

ಅಡಿಕೆ ಬೆಳೆಗಾರರೊಬ್ಬರು ಮನೆಯ ಜಗಲಿಯಲ್ಲಿ ಕೂತು, ಕ್ಯಾಮೆರಾ ನೋಡುತ್ತಾ ಕೊಳೆರೋಗದ ಔಷಧಿಯ ಬಗ್ಗೆ ಹೇಳುತ್ತಿದ್ದಾರೆ ಎಂದುಕೊಳ್ಳೋಣ. ರೆಕಾರ್ಡ್ ಆದ ಮಾತು ಹೀಗಿದೆ:

“ಬೋರ್ಡೋ ದ್ರಾವಣ ಅಂದ್ರೇ… ಆಂ… ಅಂದ್ರೆ, ಒಂದು ಕೆಜಿ ಮೈಲುತುತ್ತ, ಮತ್ತೇ… ಒಂದು ಕೆಜಿ ಸುಣ್ಣ, ಆಂ… ನೂರು ಲೀಟರ್ ನೀರಿಗೆ. ತುತ್ತದ ನೀರನ್ನ ಸುಣ್ಣದ ನೀರಿಗೆ ಹುಯ್ಯಬೇಕು. … ಸುಣ್ಣದ್ದನ್ನ ತುತ್ತಕ್ಕೆ ಹುಯ್ಯಬಾರದು.”

ಎದುರಿಗೆ ಕೂತು ಕೇಳುವವರಿಗೆ ಇದರಲ್ಲಿ ಯಾವ ತೊಡಕೂ ಕಾಣುವುದಿಲ್ಲ. ಇದೇ ಮಾತು ಫೋನಿನ ಪರದೆಗೆ ಬಂದಾಗ ಮಾತ್ರ ಪ್ರತಿಯೊಂದು ‘ಆಂ’ ಎದ್ದು ಕೇಳಿಸುತ್ತದೆ. ಹಾಗೆಂದು ಎಲ್ಲವನ್ನೂ ಕಿತ್ತುಹಾಕಿದರೆ ಮಾತಾಡುವವರು ಉಸಿರೇ ಆಡದೆ ಪಾಠ ಒಪ್ಪಿಸಿದ ಹಾಗಾಗುತ್ತದೆ. ಈ ಎರಡರ ನಡುವೆ ದಾರಿ ಹುಡುಕುವುದೇ ಎಡಿಟರ್‌ನ ಕೆಲಸ. ಅಲ್ಲಿ ಏನನ್ನು ತೆಗೆಯಬೇಕು ಎನ್ನುವುದಕ್ಕಿಂತ, ತೆಗೆದ ಮೇಲೆ ಎಷ್ಟು ಬಿಡುವು ಉಳಿಸಬೇಕು ಎನ್ನುವುದೇ ಹೆಚ್ಚು ಕಷ್ಟದ ಪ್ರಶ್ನೆ.

ಮೊದಲು ದನಿಯನ್ನು ನೋಡೋಣ. ‘ಅಂದ್ರೇ’ ಎಂದು ಎಳೆದ ಸ್ವರ ನಡುವೆ ಎಲ್ಲೂ ನಿಲ್ಲದೆ ‘ಆಂ’ ಆಗಿಬಿಟ್ಟಿದೆ. ಟೈಮ್‌ಲೈನ್‌ನಲ್ಲಿ ದನಿಯ ಅಲೆಯನ್ನು ದೊಡ್ಡದು ಮಾಡಿ ನೋಡಿದರೂ ಎರಡರ ನಡುವೆ ಸಂದು ಕಾಣುವುದಿಲ್ಲ. ಆ ಎಳೆತದ ಮಧ್ಯೆ ಕತ್ತರಿ ಹಾಕಿದರೆ ‘ರೇ’ ಥಟ್ಟನೆ ಮುರಿದದ್ದು ಕಿವಿಗೆ ಗೊತ್ತಾಗುತ್ತದೆ. ಆದರೆ ಅದೃಷ್ಟಕ್ಕೆ ಅವರು ‘ಅಂದ್ರೆ’ಯನ್ನು ಎರಡು ಸಲ ಹೇಳಿದ್ದಾರೆ. ಮೊದಲನೆಯದರ ‘ಅಂ’ ಇಟ್ಟುಕೊಂಡು, ಎರಡನೆಯದರ ‘ದ್ರೆ’ಯಿಂದ ಮುಂದಕ್ಕೆ ಜೋಡಿಸಬಹುದು. ‘ದ’ ಹೇಳುವಾಗ ನಾಲಿಗೆ ಹಲ್ಲಿಗೆ ತಾಗಿ ದನಿ ಕ್ಷಣಕಾಲ ಕುಗ್ಗುತ್ತದೆ. ಕತ್ತರಿಸಿದ ಗುರುತು ಅಲ್ಲಿ ಮುಚ್ಚಿಹೋಗುತ್ತದೆ. ಎರಡೂ ಸಲ ದನಿಯ ಏರಿಳಿತ ಹೆಚ್ಚುಕಡಿಮೆ ಒಂದೇ ಇರಬೇಕು, ಅಷ್ಟೇ. ಜೋಡಿಸಿದ ಜಾಗದಲ್ಲಿ ‘ಟಿಕ್’ ಎಂಬ ಸದ್ದು ಬರದಂತೆ ಎರಡು ಫ್ರೇಮ್‌ನಷ್ಟು ಕ್ರಾಸ್‌ಫೇಡ್ ಕೊಟ್ಟರೆ ಸಾಕು. ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್.

‘ಮತ್ತೇ…’ ಎಂಬುದರ ಸಂಗತಿ ಬೇರೆ. ಅದು ಇಲ್ಲಿ ಸುಮ್ಮನೆ ಬಂದ ಪದವಲ್ಲ. ತುತ್ತದ ಜೊತೆ ಸುಣ್ಣವೂ ಬೇಕು ಎನ್ನುವುದಕ್ಕೆ ಬಂದದ್ದು. ಹಾಗಾಗಿ ಪದವನ್ನು ಉಳಿಸಿ, ಅದರ ಮುಂದಿನ ಮೌನವನ್ನಷ್ಟೇ ಕಿರಿದು ಮಾಡಬೇಕು. ವಾಕ್ಯದ ನಡುವೆ ಐದರಿಂದ ಎಂಟು ಫ್ರೇಮ್, ವಾಕ್ಯ ಮುಗಿದಲ್ಲಿ ಹನ್ನೆರಡರಿಂದ ಇಪ್ಪತ್ತು ಫ್ರೇಮ್ ಬಿಡುವು ಇಟ್ಟು ಶುರುಮಾಡಿ, ಆಮೇಲೆ ಮಾತಾಡುವವರ ಲಯಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಆ ಬಿಡುವಿನಲ್ಲಿ ಉಸಿರೆಳೆದ ಸದ್ದಿದ್ದರೆ ಪೂರ್ತಿ ಉಳಿಸಬೇಕು, ಇಲ್ಲವೇ ಪೂರ್ತಿ ತೆಗೆಯಬೇಕು. ಅರ್ಧ ಉಸಿರು ಬೆಚ್ಚಿಬಿದ್ದವರ ಉಸಿರಿನಂತೆ ಕೇಳಿಸುತ್ತದೆ.

ಕೊನೆಯ ಎರಡು ವಾಕ್ಯಗಳ ನಡುವಿನ ಮೌನವನ್ನು ಮುಟ್ಟಲೇಬಾರದು. ಸುರಿಯುವ ಕ್ರಮ ತಪ್ಪಿದರೆ ದ್ರಾವಣ ಕೆಡುತ್ತದೆ ಎಂದು ಗೊತ್ತಿದ್ದೇ ಅವರು ಅಲ್ಲಿ ನಿಂತು, ನೋಡುಗರತ್ತ ದಿಟ್ಟಿಸಿ, ಆಮೇಲೆ ‘ಹುಯ್ಯಬಾರದು’ ಅಂದಿದ್ದಾರೆ. ಅಳತೆಯಲ್ಲಿ ಅದು ಉಳಿದೆಲ್ಲ ಮೌನಗಳಿಗಿಂತ ಉದ್ದ. ಆದ್ದರಿಂದಲೇ ಮೌನವನ್ನು ತಾನಾಗಿ ಕತ್ತರಿಸುವ ಸಾಫ್ಟ್‌ವೇರ್ ಮೊದಲು ಕೈಹಾಕುವುದು ಅದಕ್ಕೇ.

ಈ ಸಾಫ್ಟ್‌ವೇರ್‌ಗಳು ಸಮಯ ಉಳಿಸುತ್ತವೆ ನಿಜ, ಆದರೆ ಕನ್ನಡದ ಮಟ್ಟಿಗೆ ಇನ್ನೊಂದು ಎಚ್ಚರ ಬೇಕು. ನಮ್ಮ ಭಾಷೆಯ ತುಂಬ ಒತ್ತಕ್ಷರಗಳು. ‘ಹತ್ತು’, ‘ಉಪ್ಪು’, ‘ಅಕ್ಕಿ’ ಎನ್ನುವಾಗ ಬಾಯಿ ಮುಚ್ಚಿದ ಆ ಗಳಿಗೆ ಪದದ ಒಳಗಿನ ಮೌನವೇ ಹೌದು. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇ ಇರಬಹುದು. ಕನಿಷ್ಠ ಮೌನದ ಮಿತಿಯನ್ನು ಅಷ್ಟು ಕೆಳಗಿಟ್ಟರೆ ಯಂತ್ರ ಅದನ್ನೂ ಕತ್ತರಿಸಿ, ‘ತುತ್ತ’ವನ್ನು ‘ತುತ’ ಮಾಡುತ್ತದೆ. ಮಿತಿಯನ್ನು ಅರ್ಧ ಸೆಕೆಂಡಿಗಿಂತ ಕೆಳಗೆ ಇಳಿಸದೆ, ಪ್ರತಿ ಕಟ್‌ನ ಎರಡೂ ಬದಿ ನಾಲ್ಕೈದು ಫ್ರೇಮ್ ಉಳಿಸುವಂತೆ ಹೊಂದಿಸಿದರೆ ಪದದ ತಲೆ-ಬಾಲ ಹಾರುವುದಿಲ್ಲ.

ಇನ್ನು ಮುಖ. ದನಿ ನುಣ್ಣಗೆ ಸೇರಿದರೂ ಚಿತ್ರ ಹಾರುತ್ತದೆ. ಇದಕ್ಕೇ ಜಂಪ್ ಕಟ್ ಎನ್ನುವುದು. ನೆನಪಿಸಿಕೊಳ್ಳುವಾಗ ನಮ್ಮ ಬೆಳೆಗಾರರ ಕಣ್ಣು ಸೂರಿನ ಕಡೆ ಹೋಗುತ್ತದೆ, ‘ಆಂ’ ಮುಗಿದು ಲೆಕ್ಕ ನೆನಪಾದಾಗ ಕ್ಯಾಮೆರಾಕ್ಕೆ ಮರಳುತ್ತದೆ. ‘ಆಂ’ ಒಂದನ್ನೇ ತೆಗೆದರೆ ಮೇಲೆ ನೋಡುತ್ತಿದ್ದ ಕಣ್ಣು ಒಂದೇಟಿಗೆ ಕೆಳಗೆ ಬರುತ್ತದೆ. ಅದಕ್ಕೆ ಕಣ್ಣು ಹೊರಡುವ ಮುಂಚಿನ ಫ್ರೇಮ್ ಮತ್ತು ಮರಳಿ ನೆಲೆಗೊಂಡ ಫ್ರೇಮ್ ಹುಡುಕಿ ಅಲ್ಲಿ ಜೋಡಿಸಬೇಕು. ಕಣ್ಣು ಮಿಟುಕಿಸಿದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಯೋಚನೆ ಮುಗಿಯುವಲ್ಲಿ ಮನುಷ್ಯ ರೆಪ್ಪೆ ಬಡಿಯುತ್ತಾನೆ, ಕಟ್‌ಗೂ ಅದೇ ಸಹಜ ಜಾಗ ಎಂದು ಹೇಳಿದವರು ಹಾಲಿವುಡ್‌ನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್. ಅವರ ಪುಸ್ತಕದ ಹೆಸರಿನಲ್ಲೇ ಆ ಮಿಟುಕು ಇದೆ.

ಹೀಗೆ ಹೊಂದದ ಕಡೆ ಬೇರೆ ಚಿತ್ರ ಹೊದಿಸುವುದೇ ಅತ್ಯಂತ ಪ್ರಾಮಾಣಿಕ ಉಪಾಯ. ಸುಣ್ಣದ ಮಾತು ಬಂದಾಗ ಬಕೆಟ್ಟಿನಲ್ಲಿ ಸುಣ್ಣ ಕದಡುವ ಕೈಗಳನ್ನು ತೋರಿಸಿದರೆ ನೋಡುವವರಿಗೂ ಪ್ರಯೋಜನ, ಕಟ್ ಕೂಡ ಮರೆಯಾಗುತ್ತದೆ. ಅಂಥ ಚಿತ್ರ ಇಲ್ಲದಿದ್ದರೆ ಮುಂದಿನ ತುಣುಕನ್ನು ಶೇಕಡ 15–20ರಷ್ಟು ಹಿಗ್ಗಿಸಬಹುದು. 4ಕೆಯಲ್ಲಿ ಚಿತ್ರಿಸಿ 1080ರಲ್ಲಿ ಕೊಡುವವರಿಗೆ ಇದರಿಂದ ಚಿತ್ರ ಮಸುಕಾಗುವುದಿಲ್ಲ. ಆದರೆ ಪ್ರತಿ ‘ಆಂ’ಗೂ ಹಿಗ್ಗಿಸುತ್ತ ಕುಗ್ಗಿಸುತ್ತ ಹೋದರೆ ಕಣ್ಣು ದಣಿಯುತ್ತದೆ. ಹೊಸ ವಿಷಯ ಶುರುವಾಗುವಲ್ಲಿ ಮಾತ್ರ ಅದು ಒಪ್ಪುತ್ತದೆ.

ಪ್ರೀಮಿಯರ್‌ನ ಮಾರ್ಫ್ ಕಟ್, ಡಾವಿಂಚಿ ರಿಸಾಲ್ವ್‌ನ ಸ್ಮೂತ್ ಕಟ್ ಎರಡು ಮುಖಗಳ ನಡುವೆ ಇಲ್ಲದ ಫ್ರೇಮ್‌ಗಳನ್ನು ತಾವೇ ಹೆಣೆಯುತ್ತವೆ. ತಲೆ ಹೆಚ್ಚು ಅಲುಗದೆ, ಹಿನ್ನೆಲೆ ಸ್ಥಿರವಾಗಿದ್ದರೆ ಅವು ಚೆನ್ನಾಗಿಯೇ ಕೂರುತ್ತವೆ. ಕೈ ಮುಖದ ಮುಂದೆ ಹಾದರೆ, ಹಿಂದೆ ಬಾಳೆಎಲೆ ಗಾಳಿಗೆ ಅಲ್ಲಾಡುತ್ತಿದ್ದರೆ ತುಟಿ ಕರಗಿದಂತೆ, ಹಲ್ಲು ಜೋಡಿಯಾದಂತೆ ಕಾಣುತ್ತದೆ. ಫ್ರೇಮ್ ಫ್ರೇಮ್ ಆಗಿ ಸರಿಸಿ ನೋಡದೆ ಅವನ್ನು ನಂಬಬಾರದು.

ಜಗಲಿಗೊಂದು ತನ್ನದೇ ಸದ್ದಿರುತ್ತದೆ: ಜೀರುಂಡೆ, ದೂರದ ಪಂಪ್‌ಸೆಟ್ಟು. ತುಣುಕುಗಳ ನಡುವೆ ಬಿಡುವು ಹಿಗ್ಗಿಸಬೇಕಾದಾಗ ಖಾಲಿ ಮೌನ ಇಟ್ಟರೆ ಆ ಸದ್ದು ನಿಂತು ಮತ್ತೆ ಶುರುವಾಗುತ್ತದೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು ಮೂವತ್ತು ಸೆಕೆಂಡ್ ಜಾಗದ ಸದ್ದನ್ನೇ ರೆಕಾರ್ಡ್ ಮಾಡಿಕೊಂಡಿದ್ದರೆ ಆ ಸಂದುಗಳಿಗೆ ಅದನ್ನೇ ತುಂಬಬಹುದು.

ಎಷ್ಟು ‘ಆಂ’ಗಳನ್ನು ಬಿಡಬೇಕು? ಅಮೆರಿಕದ ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತುಗಾರರು ಇಂಥ ಸದ್ದುಗಳಿಂದ ‘ತಡೆಯಿರಿ, ಹೇಳುವುದು ಇನ್ನೂ ಇದೆ’ ಎಂದು ಸೂಚಿಸುತ್ತಾರೆ ಎಂದು ವಾದಿಸಿದರು. ಯೋಚಿಸಿ ಉತ್ತರ ಕೊಡುವ ಕಡೆ ಒಂದೆರಡು ಹಾಗೇ ಇದ್ದರೆ ಆ ಯೋಚನೆಯೂ ಕಾಣುತ್ತದೆ. ಲೆಕ್ಕ, ಅಳತೆ ಹೇಳುವ ಕಡೆ ತೆಗೆಯುವುದೇ ಸರಿ, ಜನ ಬರೆದುಕೊಳ್ಳುತ್ತಿರುತ್ತಾರೆ.

ಮುಗಿದ ಮೇಲೆ ಪರದೆ ಆರಿಸಿ ಒಮ್ಮೆ ಕೇಳಬೇಕು, ದನಿ ಆರಿಸಿ ಒಮ್ಮೆ ನೋಡಬೇಕು. ಕೊನೆಗೆ ಮೂಲ ಮಾತಿನ ಪಕ್ಕ ಇಟ್ಟು ಅರ್ಥ ತಾಳೆ ನೋಡಬೇಕು. ‘ನನಗೆ ಗೊತ್ತಿದ್ದ ಮಟ್ಟಿಗೆ’, ‘ನಮ್ಮ ಕಡೆ’, ‘ಹೆಚ್ಚುಕಡಿಮೆ’ ಇವೆಲ್ಲ ತುಂಬು ಪದಗಳಂತೆ ಕಂಡರೂ ಹಾಗಲ್ಲ. “ನಮ್ಮ ಕಡೆ ಮಳೆಗಾಲಕ್ಕೆ ಎರಡು ಸಲ ಹೊಡೀತೀವಿ” ಎಂಬ ಮಾತಿನಿಂದ ‘ನಮ್ಮ ಕಡೆ’ ಕತ್ತರಿಸಿದರೆ, ಬೇರೆ ಮಳೆಯ ಊರಿನವರು ಅದನ್ನು ತಮಗೆ ಹೇಳಿದ್ದೆಂದೇ ತಿಳಿಯುತ್ತಾರೆ. ಆ ಎರಡು ಪದ ಇಡೀ ಸೆಕೆಂಡ್ ತಿಂದರೂ ಇರಬೇಕು.