ಕರ್ನಾಟಕವನ್ನು ನಾಲ್ಕು ಪಾಲು ಮಾಡಿ ಕಲಿಯುವ ಜಿಗ್‌ಸಾ ಪಾಠ

ಜಿಗ್‌ಸಾ ಪದ್ಧತಿಯಲ್ಲಿ ಪಾಠವನ್ನು ಭಾಗ ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗ ಕೊಡುತ್ತಾರೆ. ತನ್ನ ಭಾಗವನ್ನು ಚೆನ್ನಾಗಿ ಕಲಿತು ಉಳಿದವರಿಗೆ ಕಲಿಸುವುದು ಅವರವರ ಹೊಣೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್‌ಸನ್ ಮತ್ತು ಅವರ ವಿದ್ಯಾರ್ಥಿಗಳು ಇದನ್ನು ರೂಪಿಸಿದರು. ವರ್ಣಭೇದ ತೊಡೆಯಲು ಬೇರೆ ಬೇರೆ ಜನಾಂಗದ ಮಕ್ಕಳನ್ನು ಆಗಷ್ಟೇ ಒಂದೇ ತರಗತಿಯಲ್ಲಿ ಕೂರಿಸಲಾಗಿತ್ತು. ಅವರ ನಡುವೆ ಹಗೆ, ಪೈಪೋಟಿ ಜೋರಾಗಿದ್ದವು. ಜೊತೆಯವರ ಮಾತು ಕೇಳದೆ ಪಾಠವೇ ಪೂರ್ತಿಯಾಗದಂತೆ ಮಾಡಿದ್ದು ಈ ಪದ್ಧತಿಯ ಜೀವಾಳ.

ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಕರಾವಳಿ, ಮಲೆನಾಡು, ಉತ್ತರ ಮೈದಾನ, ದಕ್ಷಿಣ ಮೈದಾನ ಎಂಬ ನಾಲ್ಕನ್ನೂ ಬಿಡಿಬಿಡಿಯಾಗಿ ಓದಬಹುದು. ಹಾಗಲ್ಲದೆ ಮಳೆ ಹುಟ್ಟುವ ಕ್ರಿಯೆಯನ್ನೇ ನಾಲ್ಕು ಹಂತಗಳಾಗಿ ಹಂಚಿದರೆ, ಮೊದಲ ಹಂತ ತಿಳಿಯದವರು ಮೂರನೆಯದರಲ್ಲಿ ತಡವರಿಸುತ್ತಾರೆ.

ತರಗತಿಯಲ್ಲಿ 24 ಮಕ್ಕಳಿದ್ದರೆ ನಾಲ್ವರಂತೆ ಆರು ಮೂಲ ಗುಂಪುಗಳಾಗುತ್ತವೆ. ಪ್ರತಿ ಗುಂಪಿನಲ್ಲೂ ಒಬ್ಬರು ಕರಾವಳಿಯ ಹಾಳೆ ಪಡೆಯುತ್ತಾರೆ, ಇನ್ನೊಬ್ಬರು ಮಲೆನಾಡಿನದು. ಒಮ್ಮೆ ಓದಿಕೊಂಡ ಮೇಲೆ ಒಂದೇ ಹಾಳೆಯ ಆರು ಮಂದಿ ಒಟ್ಟು ಸೇರಿ ಪರಿಣತರ ಗುಂಪಾಗುತ್ತಾರೆ. ಅರ್ಥವಾಗದ್ದನ್ನು ಚರ್ಚಿಸಿ, ಹೇಗೆ ವಿವರಿಸಬೇಕೆಂದು ಅಲ್ಲೇ ಅಭ್ಯಾಸ ಮಾಡುತ್ತಾರೆ. ನಂತರ ಮೂಲ ಗುಂಪಿಗೆ ಮರಳಿ, ಸರದಿಯಂತೆ ಕಲಿಸುತ್ತಾರೆ.

ಕೊನೆಗೆ ನಾಲ್ಕೂ ಪಾಲು ಕೂಡಿದರೆ ಮಾತ್ರ ಉತ್ತರ ಸಿಗುವ ಪ್ರಶ್ನೆ ಬೇಕು: ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿದರೆ, ಚಿತ್ರದುರ್ಗದಲ್ಲೂ ವಿಜಯಪುರದಲ್ಲೂ ಅದರ ಹತ್ತನೇ ಒಂದು ಪಾಲಿನಷ್ಟೇ ಏಕೆ? ಅರಬ್ಬಿ ಸಮುದ್ರದ ತೇವದ ಗಾಳಿ ಬರುವ ದಾರಿಯನ್ನು ಕರಾವಳಿಯವರು ಹೇಳಬೇಕು. ಆ ಗಾಳಿ ಘಟ್ಟ ಏರುತ್ತ ತಣಿದು ಮಳೆ ಸುರಿಸುವುದನ್ನು ಮಲೆನಾಡಿನವರು ವಿವರಿಸಬೇಕು. ಘಟ್ಟ ದಾಟಿ ಇಳಿಯುವ ಗಾಳಿ ಬೆಚ್ಚಗಾಗಿ ಒಣಗುವುದು ಮೈದಾನದವರ ಪಾಲು. ಹೀಗೆ ಜೋಡಿಸುವ ಪ್ರಶ್ನೆ ಇಲ್ಲದಿದ್ದರೆ ಮಕ್ಕಳು ನಾಲ್ಕು ಪಟ್ಟಿಗಳನ್ನು ನಕಲು ಮಾಡಿಕೊಂಡು ಸುಮ್ಮನಾಗುತ್ತಾರೆ.

ಈ ಪಾಠ ಹೆಚ್ಚಾಗಿ ಕೆಡುವುದು ಪರಿಣತರ ಗುಂಪಿನಲ್ಲೇ. "ಸಮುದ್ರ ದೂರ, ಅದಕ್ಕೇ ಮಳೆ ಕಡಿಮೆ" ಎಂದಷ್ಟೇ ಅಲ್ಲಿ ತೀರ್ಮಾನವಾದರೆ, ಆ ಅರೆತಿಳಿವು ಆರೂ ಗುಂಪುಗಳಿಗೆ ಹರಡುತ್ತದೆ; ಎಲ್ಲರ ಉತ್ತರದಲ್ಲೂ ಅದೇ ವಾಕ್ಯ ಕಂಡರೆ ಮೂಲ ಅಲ್ಲಿದೆ ಎಂದೇ ಅರ್ಥ. ಅದಕ್ಕಾಗಿ, ಗುಂಪು ಚದುರುವ ಮೊದಲು ಶಿಕ್ಷಕರು ಘಟ್ಟದ ಅಡ್ಡಸೀಳಿನ ಚಿತ್ರ ಬರೆಸಿ, ಗಾಳಿಯ ಬಾಣದ ಗುರುತು ಹಾಕಿಸಿ ನೋಡಬೇಕು. ಯಾರಾದರೂ ಗೈರಾದರೆ ಒಂದು ಗುಂಪಿಗೆ ಒಂದು ಪಾಲೇ ಇಲ್ಲದಾಗುತ್ತದೆ. ರಾಬರ್ಟ್ ಸ್ಲಾವಿನ್ ತಿದ್ದಿದ ರೂಪದಲ್ಲಿ ಎಲ್ಲರೂ ಇಡೀ ಪಾಠವನ್ನು ಮೊದಲೇ ಓದಿರುವುದರಿಂದ ಈ ತೊಂದರೆ ಅಷ್ಟಾಗಿ ಕಾಡದು.

ಪರೀಕ್ಷೆಯನ್ನು ಪ್ರತಿಯೊಬ್ಬರೂ ಒಂಟಿಯಾಗಿ, ನಾಲ್ಕೂ ಭಾಗಗಳ ಮೇಲೆ ಬರೆಯಬೇಕು. ತನ್ನ ಭಾಗದಲ್ಲಿ ಪೂರ್ತಿ ಅಂಕ ಪಡೆದವರು ಉಳಿದ ಮೂರರಲ್ಲಿ ಹಿಂದೆ ಬಿದ್ದಿದ್ದರೆ, ಓದು ಆಗಿದೆ, ಗೆಳೆಯರು ಕಲಿಸಿದ್ದು ಮಾತ್ರ ತಲುಪಿಲ್ಲ; ಮುಂದಿನ ಬಾರಿ ವಿವರಿಸುವ ಅಭ್ಯಾಸಕ್ಕೆ ಹೆಚ್ಚು ಸಮಯ ಕೊಡಬೇಕಾಗುತ್ತದೆ.