ಕೋಡ್ ಹೋದಲ್ಲಿಗೆಲ್ಲ ಪಾಸ್‌ವರ್ಡ್ ಹೋಗಬಾರದು

ಕಾರನ್ನು ಮೊಬೈಲ್ ಫೋನಿಗೆ ಜೋಡಿಸುವ ‘ಟಿ-ಕನೆಕ್ಟ್’ ಎಂಬ ಸೇವೆಯನ್ನು ಜಪಾನಿನ ಟೊಯೋಟಾ ಕಂಪನಿ ತನ್ನ ಗ್ರಾಹಕರಿಗೆ ಕೊಡುತ್ತದೆ. ಆ ಸೇವೆಯ ಜಾಲತಾಣವನ್ನು ಕಟ್ಟುವ ಗುತ್ತಿಗೆ ಪಡೆದಿದ್ದ ಸಂಸ್ಥೆಯೊಂದು 2017ರ ಡಿಸೆಂಬರ್‌ನಲ್ಲಿ ಸೋರ್ಸ್ ಕೋಡಿನ ಒಂದು ಭಾಗವನ್ನು ಗಿಟ್‌ಹಬ್‌ಗೆ ಏರಿಸಿತು. ಖಾಸಗಿಯಾಗಿರಬೇಕಿದ್ದ ಆ ಕೋಡ್ ಯಾರು ಬೇಕಾದರೂ ಓದುವಂತೆ ತೆರೆದುಕೊಂಡಿತ್ತು. ಗ್ರಾಹಕರ ವಿವರಗಳಿದ್ದ ಸರ್ವರ್‌ಗೆ ಪ್ರವೇಶ ಕೊಡುವ ಕೀ ಕೂಡ ಅದರೊಳಗೇ ಬರೆದಿತ್ತು. ಇದು ಕಂಪನಿಯ ಗಮನಕ್ಕೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವಿನ ಸುಮಾರು ಐದು ವರ್ಷ ಆ ಕೀ ಕೆಲಸ ಮಾಡುತ್ತಲೇ ಇತ್ತು. 2,96,019 ಗ್ರಾಹಕರ ಇಮೇಲ್ ವಿಳಾಸ ಮತ್ತು ಗ್ರಾಹಕ ಸಂಖ್ಯೆ ಸೋರಿಕೆಯಾಗಿರಬಹುದು ಎಂದು ಟೊಯೋಟಾ ಪ್ರಕಟಿಸಿತು. ಹೊರಗಿನವರು ಒಳಹೊಕ್ಕ ಗುರುತು ದಾಖಲೆಗಳಲ್ಲಿ ಖಚಿತವಾಗಿ ಕಾಣಲಿಲ್ಲ. ಯಾರೂ ಹೊಕ್ಕಿಲ್ಲ ಎಂದು ಹೇಳುವುದಕ್ಕೂ ಕಂಪನಿಗೆ ಆಗಲಿಲ್ಲ.

ಇಲ್ಲಿ ಯಾರೂ ಬೀಗ ಒಡೆಯಬೇಕಾಗಿರಲಿಲ್ಲ. ಬರೆದಿಟ್ಟದ್ದನ್ನು ಓದಿದ್ದರೆ ಸಾಕಿತ್ತು. ಹಾಗಾದರೆ ಇಂಥ ಕೀಯನ್ನು ಕೋಡಿನಲ್ಲಿ ಬರೆಯುವುದಾದರೂ ಯಾಕೆ? ಇದಕ್ಕೆ ಕಾರಣ ಬಹಳ ಸರಳ. ಒಂದು ಅಂಗಡಿಯ ಲೆಕ್ಕ ನೋಡಿಕೊಳ್ಳುವ ಸಣ್ಣ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಗಿರಾಕಿಗಳ ಹೆಸರು, ಬಾಕಿ, ಬಿಲ್ಲು ಎಲ್ಲವೂ ಡೇಟಾಬೇಸ್‌ನಲ್ಲಿರುತ್ತವೆ. ಪ್ರೋಗ್ರಾಂ ಅದನ್ನು ತಲುಪಬೇಕಾದರೆ ಪಾಸ್‌ವರ್ಡ್ ಕೊಡಲೇಬೇಕು. ಬರೆಯುವವರು ಮೊದಲ ದಿನ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಬರೆಯುತ್ತಾರೆ:

```python
db = connect(user="angadi", password="Kaveri@2021")
```

ಪ್ರೋಗ್ರಾಂ ಓಡುತ್ತದೆ. ಆಮೇಲೆ ತೆಗೆದರಾಯಿತು ಎಂದುಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಆದರೆ ಕೋಡ್ ಒಂದೇ ಕಡೆ ನಿಲ್ಲುವ ವಸ್ತುವಲ್ಲ. ಸಹೋದ್ಯೋಗಿಯ ಲ್ಯಾಪ್‌ಟಾಪ್‌ಗೆ, ಗಿಟ್‌ಹಬ್‌ಗೆ, ಪರೀಕ್ಷೆ ನಡೆಸುವ ಸರ್ವರ್‌ಗೆ, ಬ್ಯಾಕಪ್‌ಗೆ, ಗುತ್ತಿಗೆದಾರರ ಕೈಗೆ ಅದರ ಪ್ರತಿಗಳು ಹೋಗುತ್ತಲೇ ಇರುತ್ತವೆ. ಹೋದಲ್ಲಿಗೆಲ್ಲ ಪಾಸ್‌ವರ್ಡನ್ನೂ ಹೊತ್ತೊಯ್ಯುತ್ತವೆ.

ರೆಪೊ ಖಾಸಗಿಯಾಗಿದ್ದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಊಬರ್ ಕಂಪನಿಯ ಅನುಭವ ಅದಕ್ಕೆ ಉತ್ತರ. 2014ರಲ್ಲಿ ಅಲ್ಲಿನ ಎಂಜಿನಿಯರ್ ಒಬ್ಬರು ಹಾಕಿದ್ದ ಅಮೆಜಾನ್ ಕ್ಲೌಡಿನ ಕೀ ಗಿಟ್‌ಹಬ್‌ನಲ್ಲಿ ಬಹಿರಂಗವಾಗಿ ಸಿಕ್ಕಿ ಮೊದಲ ಸೋರಿಕೆ ಆಯಿತು. 2016ರಲ್ಲಿ ಮತ್ತೊಮ್ಮೆ ಆದಾಗ ಕೀ ಇದ್ದದ್ದು ಖಾಸಗಿ ರೆಪೊದಲ್ಲೇ. ಬೇರೆ ತಾಣಗಳಿಂದ ಹಿಂದೆ ಸೋರಿದ್ದ ಪಾಸ್‌ವರ್ಡ್‌ಗಳನ್ನು ಬಳಸಿ ದಾಳಿಕೋರರು ಆ ರೆಪೊ ಹೊಕ್ಕರು, ಕೋಡಿನಲ್ಲಿ ಕೀ ಹುಡುಕಿದರು, 5.7 ಕೋಟಿ ಸವಾರರ ಮತ್ತು ಚಾಲಕರ ವಿವರಗಳನ್ನು ಇಳಿಸಿಕೊಂಡರು. ಊಬರ್ ಅದನ್ನು ಒಂದು ವರ್ಷ ಮುಚ್ಚಿಟ್ಟಿತು. 2018ರಲ್ಲಿ ಅಮೆರಿಕದ ರಾಜ್ಯಗಳಿಗೆ 14.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ರೆಪೊವನ್ನು ಖಾಸಗಿ ಮಾಡಿದರೆ ಓದುಗರ ಸಂಖ್ಯೆ ಕಡಿಮೆಯಾಗುತ್ತದೆ. ಒಳಗಿರುವ ಕೀ ಮಾತ್ರ ಒಳಗೇ ಇರುತ್ತದೆ.

ಅಳಿಸಿದರೂ ಹೋಗದು

ತಪ್ಪು ಗೊತ್ತಾದ ಕೂಡಲೇ ಆ ಸಾಲನ್ನು ಅಳಿಸಿ ಹೊಸದಾಗಿ ಕಮಿಟ್ ಮಾಡುವವರೇ ಹೆಚ್ಚು. ಈಗಿನ ಫೈಲಿನಲ್ಲಿ ಪಾಸ್‌ವರ್ಡ್ ಕಾಣುವುದಿಲ್ಲ ನಿಜ. ಆದರೆ ಗಿಟ್ ಇರುವುದೇ ಹಳೆಯದನ್ನು ನೆನಪಿಟ್ಟುಕೊಳ್ಳಲು. ಪ್ರತಿ ಕಮಿಟ್‌ನ ಹೊತ್ತಿಗೆ ಫೈಲುಗಳು ಹೇಗಿದ್ದವು ಎಂಬುದನ್ನು ಅದು ಕಾಪಿಟ್ಟಿರುತ್ತದೆ. ನಿಮ್ಮ ರೆಪೊದಲ್ಲಿ ಈ ಆಜ್ಞೆ ಕೊಟ್ಟು ನೋಡಿ:

```
git log --all -p -S "Kaveri@2021"
```

ಆ ಪದ ಯಾವ ಕಮಿಟ್‌ನಲ್ಲಿ ಸೇರಿತು, ಯಾವುದರಲ್ಲಿ ಹೋಯಿತು ಎಂಬುದು ಸಾಲು ಸಮೇತ ಎದುರಿಗೆ ಬರುತ್ತದೆ. ಇತಿಹಾಸವನ್ನೇ ತಿದ್ದುವ `git filter-repo`ದಂಥ ಸಾಧನಗಳೂ ಇವೆ. ಆದರೆ ಅವು ತಿದ್ದುವುದು ನಿಮ್ಮ ಪ್ರತಿಯನ್ನು. ಅಷ್ಟರೊಳಗೆ ಬೇರೆಯವರು ಇಳಿಸಿಕೊಂಡ ಪ್ರತಿ ಹಾಗೆಯೇ ಉಳಿಯುತ್ತದೆ. ಗಿಟ್‌ಹಬ್‌ಗೆ ಬರುವ ಹೊಸ ಕೋಡನ್ನು ಸದಾ ಜಾಲಾಡುವ ಯಂತ್ರಗಳಿವೆ. ಅಮೆಜಾನ್‌ನ ದೀರ್ಘಾವಧಿ ಕೀಗಳ ಗುರುತು `AKIA` ಎಂಬ ನಾಲ್ಕು ಅಕ್ಷರದಿಂದಲೇ ಶುರುವಾಗುವುದರಿಂದ ಹುಡುಕುವವರಿಗೆ ಕಷ್ಟವೂ ಇಲ್ಲ.

ಆದ್ದರಿಂದ ಮನೆಯ ಕೀಲಿಕೈ ಕಳೆದಾಗ ಬೀಗವನ್ನೇ ಬದಲಿಸುವ ಹಾಗೆ, ಕೀ ಒಮ್ಮೆ ಹೊರಬಿದ್ದಿತೆಂದರೆ ಮೊದಲು ಅದನ್ನು ರದ್ದು ಮಾಡಿ ಹೊಸದನ್ನು ಪಡೆಯಬೇಕು. ಕೋಡ್ ಶುಚಿ ಮಾಡುವುದು ಆಮೇಲಿನ ಮಾತು. ಈ ಅನುಕ್ರಮ ತಲೆಕೆಳಗಾದರೆ, ನೀವು ಇತಿಹಾಸ ತಿದ್ದುತ್ತಿರುವಷ್ಟು ಹೊತ್ತೂ ಹಳೆಯ ಕೀ ಜೀವಂತವಾಗಿರುತ್ತದೆ.

ಮೊದಲ ಹೆಜ್ಜೆ: ಹೊರಗಿಂದ ಕೊಡುವುದು

ಕ್ಲೌಡ್ ಸೇವೆ ಕೊಡುವ ಹೆರೋಕು ಕಂಪನಿಯವರು 2011ರ ಸುಮಾರಿಗೆ ‘ಟ್ವೆಲ್ವ್ ಫ್ಯಾಕ್ಟರ್ ಆ್ಯಪ್’ ಎಂಬ ಸೂತ್ರಗಳನ್ನು ಪ್ರಕಟಿಸಿದರು. ಅದರಲ್ಲೊಂದು ಒಳ್ಳೆಯ ಪರೀಕ್ಷೆ ಇದೆ: ನಿಮ್ಮ ಕೋಡನ್ನು ಈ ಕ್ಷಣ ಲೋಕಕ್ಕೆಲ್ಲ ತೆರೆದಿಟ್ಟರೂ ಒಂದು ಪಾಸ್‌ವರ್ಡ್ ಕೂಡ ಬಯಲಾಗಬಾರದು. ಇದರಲ್ಲಿ ಪಾಸಾಗಲು ಅವರು ಸೂಚಿಸಿದ ದಾರಿ ಎನ್ವಿರಾನ್‌ಮೆಂಟ್ ವೇರಿಯಬಲ್. ಪ್ರೋಗ್ರಾಂ ಶುರುವಾಗುವಾಗ ಆಪರೇಟಿಂಗ್ ಸಿಸ್ಟಂ ಅದರ ಕೈಗೆ ಕೆಲವು ಹೆಸರು ಮತ್ತು ಬೆಲೆಗಳ ಪಟ್ಟಿ ಕೊಡುತ್ತದೆ. ಪಾಸ್‌ವರ್ಡನ್ನು ಆ ಪಟ್ಟಿಗೆ ಸೇರಿಸಿದರೆ, ಕೋಡಿನಲ್ಲಿ ಉಳಿಯುವುದು ಹೆಸರು ಮಾತ್ರ:

```python
import os
password = os.environ["DB_PASSWORD"]
```

ಲ್ಯಾಪ್‌ಟಾಪ್‌ನಲ್ಲಿ ಈ ಬೆಲೆಗಳನ್ನು ಸಾಮಾನ್ಯವಾಗಿ `.env` ಎಂಬ ಫೈಲಿನಲ್ಲಿ ಇಡುತ್ತಾರೆ. ಆ ಫೈಲಿನ ಹೆಸರು `.gitignore`ನಲ್ಲಿ ಇರಬೇಕು, ಅದೂ ಮೊದಲ ಕಮಿಟ್‌ಗೆ ಮುಂಚೆ. ಒಮ್ಮೆ ಗಿಟ್ ಗಮನಿಸಲು ಶುರುಮಾಡಿದ ಫೈಲಿಗೆ `.gitignore` ಅನ್ವಯಿಸುವುದಿಲ್ಲ. ಯಾವ ಯಾವ ಹೆಸರುಗಳು ಬೇಕು ಎಂಬುದು ಹೊಸಬರಿಗೆ ತಿಳಿಯಲು, ಬೆಲೆಗಳನ್ನು ಖಾಲಿ ಬಿಟ್ಟ `.env.example` ಫೈಲೊಂದನ್ನು ರೆಪೊದಲ್ಲಿ ಇಟ್ಟರಾಯಿತು.

ಇಲ್ಲೊಂದು ಸೂಕ್ಷ್ಮವಿದೆ. ಮೇಲಿನ ಸಾಲಿನಲ್ಲಿ `DB_PASSWORD` ಸಿಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಂತು ದೋಷ ತೋರಿಸುತ್ತದೆ. ಈ ಕಿರಿಕಿರಿ ಬೇಡವೆಂದು ಕೆಲವರು `os.environ.get("DB_PASSWORD", "Kaveri@2021")` ಎಂದು ಬರೆಯುತ್ತಾರೆ. ‘ಸಿಗದಿದ್ದರೆ ಇದನ್ನು ಬಳಸು’ ಎಂಬ ಸೌಜನ್ಯದ ನೆಪದಲ್ಲಿ ಪಾಸ್‌ವರ್ಡ್ ಮತ್ತೆ ಕೋಡಿನೊಳಗೆ ಬಂದು ಕೂತಿತು. ಪಾಸ್‌ವರ್ಡ್ ಇಲ್ಲದಿದ್ದರೆ ಪ್ರೋಗ್ರಾಂ ನಿಲ್ಲಬೇಕು. ಅದೇ ಸರಿಯಾದ ನಡವಳಿಕೆ.

ಬ್ರೌಸರ್‌ನಲ್ಲಿ ಓಡುವ ಕೋಡಿಗೆ ಈ ದಾರಿ ಒದಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಜಾಲಪುಟ ಸಿದ್ಧವಾಗುವಾಗಲೇ ಆ ಬೆಲೆಗಳು ಪುಟದ ಸ್ಕ್ರಿಪ್ಟ್‌ನೊಳಗೆ ಬೆರೆತು, ಪುಟ ತೆರೆದ ಪ್ರತಿಯೊಬ್ಬರಿಗೂ ತಲುಪುತ್ತವೆ. ಮೊಬೈಲ್ ಆ್ಯಪ್‌ನದೂ ಇದೇ ಕಥೆ. ಅಂಥ ಕಡೆ ಗುಟ್ಟಿನ ಕೀ ನಿಮ್ಮ ಸರ್ವರ್‌ನಲ್ಲೇ ಇರಬೇಕು, ಬ್ರೌಸರ್ ಆ ಸರ್ವರನ್ನು ಕೇಳಬೇಕು.

ಎರಡನೆಯ ಹೆಜ್ಜೆ: ಸೀಕ್ರೆಟ್ ಸ್ಟೋರ್

ಒಂದೆರಡು ಸರ್ವರ್ ಇರುವವರಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಸಾಕಾಗಬಹುದು. ಆದರೆ ಅದಕ್ಕೆ ಮಿತಿಗಳಿವೆ. ಪ್ರೋಗ್ರಾಂ ತನ್ನೊಳಗಿಂದ ಬೇರೆ ಪ್ರೋಗ್ರಾಂ ಶುರುಮಾಡಿದರೆ ಸಾಮಾನ್ಯವಾಗಿ ಪಟ್ಟಿ ಪೂರ್ತಿಯಾಗಿ ಅದಕ್ಕೂ ಹೋಗುತ್ತದೆ. ಏನೋ ಕೆಟ್ಟಾಗ ಇಡೀ ಪಟ್ಟಿಯನ್ನೇ ತೋರಿಸುವ ದೋಷಪುಟಗಳಿವೆ, ಲಾಗ್ ಫೈಲಿಗೆ ಅಚ್ಚು ಹಾಕುವ ಸಾಧನಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಪಾಸ್‌ವರ್ಡನ್ನು ಯಾರು, ಯಾವಾಗ ಓದಿದರು ಎಂಬ ಲೆಕ್ಕ ಎಲ್ಲೂ ಉಳಿಯುವುದಿಲ್ಲ. ಇಪ್ಪತ್ತು ಸರ್ವರ್‌ಗಳಿದ್ದರೆ, ಬದಲಿಸುವಾಗ ಇಪ್ಪತ್ತೂ ಕಡೆ ಬದಲಿಸಬೇಕು.

ಈ ಕೊರತೆ ತುಂಬಲು ಹ್ಯಾಶಿಕಾರ್ಪ್ ವಾಲ್ಟ್, ಎಡಬ್ಲ್ಯೂಎಸ್ ಸೀಕ್ರೆಟ್ಸ್ ಮ್ಯಾನೇಜರ್, ಅಜೂರ್ ಕೀ ವಾಲ್ಟ್ ಮುಂತಾದ ಸೀಕ್ರೆಟ್ ಸ್ಟೋರ್‌ಗಳಿವೆ. ಪಾಸ್‌ವರ್ಡ್‌ಗಳು ಇಲ್ಲಿ ಎನ್‌ಕ್ರಿಪ್ಟ್ ಆಗಿ ಒಂದೇ ಕಡೆ ಇರುತ್ತವೆ. ಬೇಕಾದ ಪ್ರೋಗ್ರಾಂ ಬಂದು ಕೇಳುತ್ತದೆ, ಅದಕ್ಕೆ ಅನುಮತಿ ಇದೆಯೇ ಎಂದು ಸ್ಟೋರ್ ನೋಡುತ್ತದೆ, ಕೊಟ್ಟದ್ದನ್ನು ದಾಖಲಿಸಬಲ್ಲದು.

ಹಾಗಾದರೆ ಸ್ಟೋರ್ ತೆರೆಯುವ ಪಾಸ್‌ವರ್ಡನ್ನು ಎಲ್ಲಿಡುವುದು? ಅದನ್ನೂ ಕೋಡಿನಲ್ಲೇ ಬರೆದರೆ ಮಾಡಿದ್ದೆಲ್ಲ ವ್ಯರ್ಥ. ಇದಕ್ಕೆ ಕ್ಲೌಡ್‌ನಲ್ಲಿ ಸಿಗುವ ಪರಿಹಾರ ಯಂತ್ರದ ಗುರುತು. ನಿಮ್ಮ ಸರ್ವರನ್ನು ಹುಟ್ಟಿಸಿದ್ದೇ ಕ್ಲೌಡ್ ಆದ್ದರಿಂದ ಅದು ಯಾವ ಸರ್ವರ್ ಎಂದು ಕ್ಲೌಡ್‌ಗೆ ಗೊತ್ತಿರುತ್ತದೆ. ‘ಈ ಸರ್ವರ್ ಅಂಗಡಿಯ ಡೇಟಾಬೇಸ್ ಪಾಸ್‌ವರ್ಡ್ ಮಾತ್ರ ಓದಬಹುದು’ ಎಂದು ಒಂದು ನಿಯಮ ಬರೆದರೆ, ಕೆಲವು ತಾಸಿನಲ್ಲಿ ತಾನೇ ಮುಗಿಯುವ ತಾತ್ಕಾಲಿಕ ಕೀಯನ್ನು ಕ್ಲೌಡ್ ಆ ಸರ್ವರ್‌ಗೆ ಕೊಡುತ್ತಿರುತ್ತದೆ. ಮನುಷ್ಯರು ಅದನ್ನು ಎಲ್ಲೂ ಬರೆದಿಡಬೇಕಾಗಿಲ್ಲ.

ವಾಲ್ಟ್ ಇನ್ನೂ ಮುಂದೆ ಹೋಗಬಲ್ಲದು. ಪ್ರೋಗ್ರಾಂ ಕೇಳಿದಾಗ ಡೇಟಾಬೇಸ್‌ನಲ್ಲಿ ಹೊಸ ಬಳಕೆದಾರರ ಹೆಸರನ್ನೇ ಸೃಷ್ಟಿಸಿ, ಅದರ ಪಾಸ್‌ವರ್ಡ್ ಕೊಟ್ಟು, ಅವಧಿ ಮುಗಿದಾಗ ಆ ಹೆಸರನ್ನು ಅಳಿಸುತ್ತದೆ. ಅವಧಿ ಒಂದು ತಾಸಾಗಿದ್ದರೆ, ಸೋರಿಹೋದ ಪಾಸ್‌ವರ್ಡ್ ಐದು ವರ್ಷ ಕೆಲಸ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಆದರೂ ಇದು ಪೂರ್ಣ ರಕ್ಷಣೆಯಲ್ಲ. ಓಡುತ್ತಿರುವ ಪ್ರೋಗ್ರಾಮಿನೊಳಗೆ ನುಗ್ಗಿದವನಿಗೆ ಆ ಪ್ರೋಗ್ರಾಂ ಓದಬಲ್ಲದ್ದೆಲ್ಲ ಸಿಗುತ್ತದೆ. ಅದಕ್ಕಾಗಿಯೇ ಅನುಮತಿಯನ್ನು ಆದಷ್ಟು ಕಿರಿದಾಗಿ ಕೊಡಬೇಕು.

ಬದಲಿಸಲು ಬರುತ್ತದೆಯೇ?

ಕೀಯನ್ನು ಕೋಡಿನಿಂದ ಹೊರಗಿಡುವುದರ ದೊಡ್ಡ ಲಾಭ ಅದನ್ನು ಬಚ್ಚಿಡುವುದರಲ್ಲಿ ಅಷ್ಟಾಗಿ ಇಲ್ಲ, ಸಲೀಸಾಗಿ ಬದಲಿಸುವುದರಲ್ಲಿ ಇದೆ. ಕೋಡಿನಲ್ಲಿದ್ದ ಕೀಯನ್ನು ಬದಲಿಸಬೇಕಾದರೆ ಕೋಡ್ ತಿದ್ದಿ, ಪರೀಕ್ಷಿಸಿ, ಮತ್ತೆ ಸರ್ವರ್‌ಗೆ ಏರಿಸಬೇಕು. ಆ ತಾಪತ್ರಯಕ್ಕೆ ಹೆದರಿ ಯಾರೂ ಕೈ ಹಾಕುವುದಿಲ್ಲ, ಹಳೆಯ ಕೀ ವರ್ಷಗಟ್ಟಲೆ ಉಳಿದುಬಿಡುತ್ತದೆ.

ಅಮೆಜಾನ್ ಕ್ಲೌಡ್‌ನಲ್ಲಿ ಒಬ್ಬ ಬಳಕೆದಾರರಿಗೆ ಒಂದೇ ಹೊತ್ತಿಗೆ ಎರಡು ಆಕ್ಸೆಸ್ ಕೀ ಇರಲು ಅವಕಾಶವಿದೆ. ಕೆಲಸ ನಿಲ್ಲಿಸದೆ ಬದಲಿಸಲು ಇದರಿಂದ ಅನುಕೂಲ. ಎರಡನೆಯ ಕೀ ಮಾಡಿ, ಸ್ಟೋರ್‌ನಲ್ಲಿ ಅದನ್ನಿಟ್ಟು, ಪ್ರೋಗ್ರಾಂಗಳು ಹೊಸದನ್ನು ಬಳಸತೊಡಗಿವೆಯೇ ನೋಡಿ. ಹಳೆಯ ಕೀ ಕೊನೆಯ ಸಲ ಯಾವಾಗ ಬಳಕೆಯಾಯಿತು ಎಂಬುದನ್ನೂ ಅಮೆಜಾನ್ ತೋರಿಸುತ್ತದೆ. ಅದು ನಿಂತ ಮೇಲೆ ಹಳೆಯದನ್ನು ನಿಷ್ಕ್ರಿಯಗೊಳಿಸಿ, ತಕ್ಷಣ ಅಳಿಸಬೇಡಿ. ಕೆಲವು ದಿನ ಬಿಟ್ಟು, ಯಾವ ದೂರೂ ಬಾರದಿದ್ದರೆ ಅಳಿಸಿ.

ನಿಷ್ಕ್ರಿಯಗೊಳಿಸಿದ ಕೂಡಲೇ ಎಲ್ಲೋ ಒಂದು ವರದಿ ಬರುವುದು ನಿಂತರೆ, ಯಾವುದೋ ಬ್ಯಾಕಪ್ ಕೆಟ್ಟರೆ, ನಿಮಗೆ ಗೊತ್ತಿಲ್ಲದ ಕಡೆ ಆ ಕೀಯ ಪ್ರತಿಯೊಂದು ಇತ್ತು ಎಂದರ್ಥ. ಆಗ ಅದನ್ನು ಮತ್ತೆ ಸಕ್ರಿಯಗೊಳಿಸಿ, ಆ ಪ್ರತಿಯನ್ನು ಹುಡುಕಿ, ಸ್ಟೋರ್‌ನಿಂದ ಓದುವಂತೆ ತಿದ್ದಿ, ಮತ್ತೆ ಪ್ರಯತ್ನಿಸಬಹುದು. ಇದನ್ನು ಸೋರಿಕೆಯ ಗಾಬರಿ ಇಲ್ಲದ ಸಾಮಾನ್ಯ ಕೆಲಸದ ದಿನವೊಂದರಲ್ಲಿ ಮಾಡಿ ನೋಡಿದ ತಂಡಕ್ಕೆ ತನ್ನ ಕೀ ಎಲ್ಲೆಲ್ಲಿದೆ ಎಂಬುದು ಗೊತ್ತಿರುತ್ತದೆ. ಸೋರಿಕೆಯ ಸುದ್ದಿ ಬಂದ ದಿನ ಕೀಯನ್ನು ಅನುಮಾನವಿಲ್ಲದೆ ರದ್ದು ಮಾಡುವ ಧೈರ್ಯವೂ ಅದಕ್ಕಿರುತ್ತದೆ.