ಗೃಹಲಕ್ಷ್ಮಿ: ಯಾರಿಗೆ ಸಿಗುತ್ತದೆ, ಅರ್ಜಿ ಹೇಗೆ?

2023ರ ಆಗಸ್ಟ್‌ನಲ್ಲಿ ಹಣ ಪಾವತಿ ಶುರುವಾದ ಗೃಹಲಕ್ಷ್ಮಿಯಲ್ಲಿ ತಿಂಗಳಿಗೆ 2,000 ರೂಪಾಯಿ ಸಿಗುವುದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ. ಅತ್ತೆ, ಸೊಸೆ ಒಂದೇ ಕಾರ್ಡಿನಲ್ಲಿದ್ದರೆ ಒಬ್ಬರಿಗೆ ಮಾತ್ರ. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾದರೆ ಅರ್ಹತೆಯಿಲ್ಲ.

ಅರ್ಜಿಗೆ ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ವಿವರ ಹಿಡಿದು ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಬೇಕು. ಕಾರ್ಡಿನಲ್ಲಿ ಗಂಡನೇ ಯಜಮಾನನಾಗಿದ್ದರೆ ಮೊದಲು ಅದನ್ನು ತಿದ್ದಿಸಬೇಕು.

ಅರ್ಜಿ ಮಂಜೂರಾದರೂ ಹಣ ಬಾರದೆ?

ಪಾಸ್‌ಬುಕ್ಕಿನಲ್ಲಿ ಆಧಾರ್ ಸಂಖ್ಯೆ ಇದ್ದರಷ್ಟೇ ಸಾಲದು; ನೇರ ಪಾವತಿಗೂ ಆಧಾರ್ ಜೋಡಣೆಯಾಗಿರಬೇಕು. ಎರಡು ಖಾತೆಗಳಿದ್ದರೆ ಕೊನೆಯದಾಗಿ ಜೋಡಿಸಿದ ಖಾತೆಗೇ ಹಣ ಹೋಗುತ್ತದೆ. ಹಾಗಾಗಿ ಹಳೆಯ ಪಾಸ್‌ಬುಕ್ ಖಾಲಿ ಕಂಡರೆ ಇನ್ನೊಂದನ್ನೂ ನಮೂದು ಮಾಡಿಸಿ ನೋಡಬೇಕು.